ಗೀಸರ್ ಒಂದು ದಿನ ಉಗುರುಬೆಚ್ಚಗೆ, ಇನ್ನೊಂದು ದಿನ ಟ್ರಿಪ್: ಎರಡಕ್ಕೂ ಕಾರಣ ಒಂದೇ ಇರಬಹುದು

ನನ್ನ ಕೆಲಸ ಮನೆಗಳ ವೈರಿಂಗ್ ಮತ್ತು ಗೀಸರ್ ರಿಪೇರಿ, ಊರು ಮೈಸೂರು. ಚಳಿಗಾಲ ಶುರುವಾದರೆ ಬರುವ ಫೋನ್‌ಗಳಲ್ಲಿ ಎರಡೇ ದೂರು ಜಾಸ್ತಿ. ಒಂದು, ಇನ್‌ಸ್ಟಂಟ್ ಗೀಸರ್‌ನಲ್ಲಿ ನೀರು ಬಿಸಿಯೇ ಆಗ್ತಿಲ್ಲ. ಇನ್ನೊಂದು, ಸ್ನಾನದ ಮಧ್ಯೆ ಕರೆಂಟ್ ಟ್ರಿಪ್ ಆಗುತ್ತೆ. ಕಳೆದ ಚಳಿಗಾಲದಲ್ಲಿ ಒಂದೇ ಮನೆಯವರು ಎರಡೂ ದೂರು ಒಟ್ಟಿಗೆ ಹೇಳಿದರು. ಅಲ್ಲಿ ಅಳೆದು ನೋಡಿದ್ದನ್ನು ಪೂರ್ತಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಇದೇ ಲೆಕ್ಕ ಹಾಕಿ ನೋಡಬಹುದು.

ಎರಡು ಅಂತಸ್ತಿನ ಮನೆ, ಮಹಡಿಯ ಬಚ್ಚಲು. ಟ್ಯಾಂಕ್ ಮೇಲೆ ತಾರಸಿಯಲ್ಲೇ ಇದೆ, ಗೀಸರ್‌ಗಿಂತ ಬರೀ 2 ಮೀಟರ್ ಎತ್ತರ. ಮೊದಲು 3 ಕಿಲೋವ್ಯಾಟ್‌ನ ಹಳೇ ಗೀಸರ್ ಇತ್ತು. ಅದು ಕೆಟ್ಟಾಗ 4.5 ಕಿಲೋವ್ಯಾಟ್‌ನ, ಒಳಗೆ ಟ್ಯಾಂಕೇ ಇಲ್ಲದ, ನೀರು ಹರಿಯುವಾಗಲೇ ಕಾಯಿಸುವ ಹೊಸದನ್ನು ತಂದು ಅದೇ ಪಾಯಿಂಟ್‌ಗೆ ಸಿಕ್ಕಿಸಿದ್ದರು. "ಥರ್ಮೋಸ್ಟಾಟ್ ಹೋಗಿದೆ ಅಂತ ಬದಲಾಯಿಸಿದ್ದೂ ಆಯ್ತು ಸರ್, ಆದ್ರೂ ಬೆಳಿಗ್ಗೆ ನೀರು ಉಗುರುಬೆಚ್ಚಗೆ, ಭಾನುವಾರ ಲೇಟಾಗಿ ಸ್ನಾನಕ್ಕೆ ಹೋದ್ರೆ ಟ್ರಿಪ್" ಅಂದರು ಮನೆಯವರು.

ಅವರು ಸುಮ್ನೆ ಹೇಳಿದ ಆ ಭಾನುವಾರದ ಮಾತೇ ಮುಖ್ಯ ಸುಳಿವು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ನೀರು. ನಲ್ಲಿ ಪೂರ್ತಿ ತಿರುಗಿಸಿ ಒಂದು ಲೀಟರ್ ಜಗ್ ಹಿಡಿದೆ, 15 ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 4 ಲೀಟರ್. ಟ್ಯಾಂಕಿನಿಂದ ಬರುವ ನೀರು 20 ಡಿಗ್ರಿ ಇತ್ತು. ಈಗ ಲೆಕ್ಕ ಸುಲಭ. ಒಂದು ಕಿಲೋವ್ಯಾಟ್ ಒಂದು ನಿಮಿಷ ಉರಿದರೆ ಒಂದು ಲೀಟರ್ ನೀರು ಹೆಚ್ಚುಕಮ್ಮಿ 14 ಡಿಗ್ರಿ ಏರುತ್ತೆ. ಹಾಗಾಗಿ ಕಿಲೋವ್ಯಾಟನ್ನು 14ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತೋ ಅದರಿಂದ ಭಾಗಿಸಿ. ಬರುವ ಉತ್ತರವೇ ನೀರಿನ ಬಿಸಿ ಏರುವ ಡಿಗ್ರಿ. 4.5 ಕಿಲೋವ್ಯಾಟ್ ಪೂರ್ತಿ ಸಿಕ್ಕಿದರೂ 4 ಲೀಟರ್ ಹರಿವಿಗೆ 16 ಡಿಗ್ರಿ ಏರುತ್ತೆ ಅಷ್ಟೇ, 20 ಇದ್ದದ್ದು 36 ಆಗುತ್ತೆ. ಸ್ನಾನಕ್ಕೆ ನಮಗೆ 40ರ ಮೇಲೆ ಬೇಕು ಅಲ್ವಾ? ಹಾಗಾಗಿ ಹೊಚ್ಚ ಹೊಸ ಗೀಸರ್, ಒಂದು ದೋಷವೂ ಇಲ್ಲದ್ದು ಕೂಡ, ನಲ್ಲಿ ಪೂರ್ತಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರನ್ನೇ ಕೊಡುತ್ತೆ.

ಆದರೆ ಆ ಮನೆಯಲ್ಲಿ 36 ಕೂಡ ಬರುತ್ತಿರಲಿಲ್ಲ, 33ರ ಹತ್ತಿರ ನಿಂತಿತ್ತು. ಉಳಿದ ಡಿಗ್ರಿ ಎಲ್ಲಿ ಹೋಯಿತು?

ಬೆಳಿಗ್ಗೆ ಏಳರ ಹೊತ್ತು. ಗೀಸರ್ ಆನ್ ಇರುವಾಗ ಅದರ ಟರ್ಮಿನಲ್‌ನಲ್ಲಿ ಅಳೆದರೆ 205 ವೋಲ್ಟ್. ಕ್ಲಾಂಪ್ ಮೀಟರ್ 17.4 ಆಂಪ್ ತೋರಿಸಿತು. ಗೀಸರ್ ಮೇಲೆ 4.5 ಕಿಲೋವ್ಯಾಟ್ ಅಂತ ಬರೆದಿರುವುದು 230 ವೋಲ್ಟ್ ಇದ್ದಾಗಿನ ಮಾತು. ಎಲಿಮೆಂಟಿನ ರೆಸಿಸ್ಟನ್ಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಇದರಲ್ಲಿ ಸುಮಾರು 11.8 ಓಮ್. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತೆ. ಎರಡೂ ಇಳಿಯುವುದರಿಂದ ಪವರ್ ಇನ್ನೂ ಜೋರಾಗಿ ಬೀಳುತ್ತೆ. 205ನ್ನು 17.4ರಿಂದ ಗುಣಿಸಿದರೆ ಸುಮಾರು 3.6 ಕಿಲೋವ್ಯಾಟ್. ವೋಲ್ಟೇಜ್ ಕಮ್ಮಿಯಾಗಿದ್ದು ನೂರಕ್ಕೆ ಹನ್ನೊಂದರಷ್ಟು, ಬಿಸಿ ಕಮ್ಮಿಯಾಗಿದ್ದು ನೂರಕ್ಕೆ ಇಪ್ಪತ್ತರಷ್ಟು. 3.6ನ್ನು 14ರಿಂದ ಗುಣಿಸಿ 4ರಿಂದ ಭಾಗಿಸಿ, ಸುಮಾರು 12.6 ಡಿಗ್ರಿ ಬರುತ್ತೆ. 20ಕ್ಕೆ ಕೂಡಿಸಿದರೆ 33ರ ಹತ್ತಿರ ಆಗಬೇಕು, ಆಗಿದ್ದೂ ಅದೇ. ಥರ್ಮೋಸ್ಟಾಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಬದಲಾಯಿಸಿದ್ದು ದುಡ್ಡು ದಂಡ.

ಇಲ್ಲಿ ಕ್ಲಾಂಪ್ ಮೀಟರ್ ಇನ್ನೊಂದು ವಿಷಯವನ್ನೂ ಖಚಿತ ಮಾಡಿತು. ಈ ಗೀಸರ್ ಒಳಗೆ ಎರಡು ಎಲಿಮೆಂಟ್ ಇವೆ. ಒಂದು ಸುಟ್ಟಿದ್ದರೆ ಕರೆಂಟ್ ಸರಿ ಅರ್ಧಕ್ಕೆ, ಒಂಬತ್ತರ ಹತ್ತಿರ ಬೀಳಬೇಕಿತ್ತು. 17.4 ಬಂದಿದೆ ಅಂದರೆ ಎರಡೂ ಜೀವಂತ. "ಎಲಿಮೆಂಟ್ ಮೇಲೆ ಸುಣ್ಣ ಕಟ್ಟಿದೆ, ಅದಕ್ಕೇ ಬಿಸಿ ಇಲ್ಲ" ಅನ್ನುವ ಮಾತೂ ಬಹಳ ಕೇಳುತ್ತೇನೆ. ಈ ತರಹದ ಗೀಸರ್‌ನಲ್ಲಿ ಅದು ಅಷ್ಟು ಸರಿಯಲ್ಲ. ಎಲಿಮೆಂಟ್ ಎಳೆದ ಕರೆಂಟ್ ಅಷ್ಟೂ ಶಾಖವಾಗಲೇಬೇಕು, ಆ ಶಾಖ ನೀರಿಗೆ ಬಿಟ್ಟು ಬೇರೆಲ್ಲಿಗೂ ಹೋಗೋದಿಲ್ಲ. ಸುಣ್ಣ ಕಟ್ಟಿದರೆ ಎಲಿಮೆಂಟ್ ಮೈ ವಿಪರೀತ ಕಾಯುತ್ತೆ, ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯಲು ಪಕ್ಕದಲ್ಲಿರುವ ಥರ್ಮಲ್ ಕಟೌಟ್ ಬೀಳುತ್ತೆ, ಕೊನೆಗೆ ಎಲಿಮೆಂಟ್ ಒಡೆಯುತ್ತೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ದೊಡ್ಡ ತೊಂದರೆಯೇ, ಆದರೆ ಅದರ ಲಕ್ಷಣ ಬೇರೆ.

ಹಾಗಾದರೆ ನಲ್ಲಿ ಸಣ್ಣದು ಮಾಡಿದರೆ ಆಯ್ತಲ್ಲ? ನಿಮಿಷಕ್ಕೆ ಎರಡೂವರೆ ಲೀಟರ್‌ಗೆ ಇಳಿಸಿದರೆ ಅದೇ 3.6 ಕಿಲೋವ್ಯಾಟ್‌ಗೆ 20 ಡಿಗ್ರಿ ಏರುತ್ತೆ, 40 ಡಿಗ್ರಿ ನೀರು ಬರುತ್ತೆ. ಮಾಡಿ ನೋಡಿದೆ. ಬಿಸಿ ಬಂತು. ಆದರೆ ಸ್ವಲ್ಪ ಹೊತ್ತಿಗೆ ಟಕ್ ಅಂತ ಸದ್ದು, ಲೈಟ್ ಆರಿತು, ತಣ್ಣೀರು. ಮತ್ತೆ ಟಕ್, ಬಿಸಿ.

ಅದು ಫ್ಲೋ ಸ್ವಿಚ್. ಗೀಸರ್‌ಗೆ ನೀರು ಬರುವ ಜಾಗದಲ್ಲಿ ಒಂದು ರಬ್ಬರ್ ಡಯಾಫ್ರಮ್ ಇರುತ್ತೆ. ನೀರು ಹರಿದಾಗ ಅದರ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸ ಬಂದು ಅದು ಸರಿಯುತ್ತೆ, ಒಂದು ಕಡ್ಡಿಯಿಂದ ಮೈಕ್ರೋ ಸ್ವಿಚ್ ಒತ್ತುತ್ತೆ, ಆಗ ಎಲಿಮೆಂಟ್‌ಗೆ ಕರೆಂಟ್ ಹೋಗುತ್ತೆ. ನೀರಿಲ್ಲದೆ ಎಲಿಮೆಂಟ್ ಉರಿಯಬಾರದು ಅಂತಲೇ ಇದನ್ನು ಇಟ್ಟಿರುವುದು. ಇದಕ್ಕೆ ಕನಿಷ್ಠ ಹರಿವು ಬೇಕು. ಮಾಡೆಲ್ ಮೇಲೆ ಹೋಗುತ್ತೆ, ಆದರೆ ಹೆಚ್ಚಿನವುಗಳಲ್ಲಿ ನಿಮಿಷಕ್ಕೆ ಒಂದೂವರೆಯಿಂದ ಎರಡು ಲೀಟರ್ ಆಸುಪಾಸು. ಮಹಡಿ ಮನೆಯಲ್ಲಿ ಟ್ಯಾಂಕ್ 2 ಮೀಟರ್ ಮೇಲಿದ್ದರೆ ಒತ್ತಡ ಬರೀ 0.2 ಬಾರ್, ಯಾಕೆಂದರೆ 10 ಮೀಟರ್ ಎತ್ತರಕ್ಕೆ 1 ಬಾರ್. ಇಷ್ಟು ಕಮ್ಮಿ ಒತ್ತಡದಲ್ಲಿ ಒಳಬರುವ ಪೈಪಿನ ಜಾಲರಿಯಲ್ಲಿ ಒಂದು ಚಿಟಿಕೆ ಮಣ್ಣು ಕೂತರೂ ಸ್ವಿಚ್ ಅನುಮಾನಿಸುತ್ತೆ. ಟ್ಯಾಂಕ್ ಅರ್ಧ ಖಾಲಿಯಾದ ಹೊತ್ತಲ್ಲಿ ಇನ್ನೂ ಕಷ್ಟ. ಬಿಚ್ಚಿ ನೋಡಿದರೆ ಜಾಲರಿ ಕೆಸರಿನಿಂದ ಅರ್ಧ ಮುಚ್ಚಿತ್ತು. ತೊಳೆದು ಹಾಕಿದ ಮೇಲೆ ಎರಡೂವರೆ ಲೀಟರ್‌ನಲ್ಲಿ ಸ್ವಿಚ್ ಅಲುಗಾಡದೆ ನಿಂತಿತು. ಆದರೆ ಗಮನಿಸಿ, ಜಾಲರಿ ತೊಳೆದಿದ್ದರಿಂದ ನಲ್ಲಿ ಪೂರ್ತಿ ತಿರುಗಿಸಿದಾಗಿನ ಹರಿವೂ ಜಾಸ್ತಿಯಾಯಿತು, ಅಂದರೆ ಆಗ ನೀರು ಇನ್ನೂ ತಣ್ಣಗೆ. ಹಾಗಾಗಿ ಗೀಸರ್ ಕೆಳಗಿನ ಆಂಗಲ್ ವಾಲ್ವನ್ನು ಎರಡೂವರೆ ಲೀಟರ್‌ಗೆ ಸೆಟ್ ಮಾಡಿ, ಅದನ್ನು ಮುಟ್ಟಬೇಡಿ ಅಂತ ಹೇಳಿ ಬಂದೆ. 15 ಲೀಟರ್ ಬಕೆಟ್ ತುಂಬಲು 6 ನಿಮಿಷ ಬೇಕು. ಬೇರೆ ದಾರಿ ಇಲ್ಲ. ಮಿಕ್ಸರ್‌ನಲ್ಲಿ ತಣ್ಣೀರು ಬೆರೆಸುವುದನ್ನೂ ಬಿಡಬೇಕು. ತಣ್ಣೀರು ತೆರೆದ ಕೂಡಲೇ ಗೀಸರ್ ಒಳಗಿನ ಹರಿವು ಇಳಿದು ಸ್ವಿಚ್ ಕಟ್ ಆಗುತ್ತೆ.

ಈಗ ಭಾನುವಾರದ ಟ್ರಿಪ್. ಹನ್ನೊಂದು ಗಂಟೆಗೆ ಬೀದಿಯಲ್ಲಿ ಯಾರ ಗೀಸರೂ ಓಡುತ್ತಿರಲ್ಲ, ವೋಲ್ಟೇಜ್ 235ರವರೆಗೆ ಏರುತ್ತೆ. ಅದೇ 11.8 ಓಮ್ ಎಲಿಮೆಂಟ್ ಆಗ 20 ಆಂಪ್ ಎಳೆಯುತ್ತೆ. ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಪೆಟ್ಟಿಗೆಯಲ್ಲಿ ಇದ್ದದ್ದು ಹಳೇ ಗೀಸರಿನ 16 ಆಂಪ್ ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಎಂಸಿಬಿ ತನ್ನ ರೇಟಿಂಗ್ ದಾಟಿದ ತಕ್ಷಣ ಬೀಳುವುದಿಲ್ಲ. ಸ್ಟ್ಯಾಂಡರ್ಡ್ ಪ್ರಕಾರ 1.13 ಪಟ್ಟಿನವರೆಗೆ, ಅಂದರೆ 16ರದ್ದಕ್ಕೆ 18 ಆಂಪ್‌ವರೆಗೆ, ಒಂದು ಗಂಟೆಯೊಳಗೆ ಬೀಳಬಾರದು. 1.45 ಪಟ್ಟು, ಅಂದರೆ 23 ಆಂಪ್ ಹೋದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವಿನದ್ದು ಆಯಾ ಎಂಸಿಬಿಯ ಮೇಲೆ, ಡಿಬಿ ಎಷ್ಟು ಬಿಸಿಯಿದೆ ಅನ್ನುವುದರ ಮೇಲೆ. ಬೆಳಗಿನ 17.4 ಆಂಪ್ ಗೆರೆಯ ಈಚೆ, ಬೀಳಲಿಲ್ಲ. ಭಾನುವಾರದ 20 ಆಂಪ್ ನಡುವಿನ ಜಾಗದಲ್ಲಿ, ಒಬ್ಬರ ಸ್ನಾನಕ್ಕೆ ತಡೆದುಕೊಂಡು, ಅದರ ಬಿಸಿ ಆರುವ ಮುಂಚೆ ಎರಡನೆಯವರು ಹೋದಾಗ ಬೀಳುತ್ತೆ. ಒಂದೇ ಎಲಿಮೆಂಟ್, ಒಂದೇ ವೈರು. ವೋಲ್ಟೇಜ್ ಇಲ್ಲದಾಗ ನೀರು ಕಾಯಲ್ಲ, ಇದ್ದಾಗ ಎಂಸಿಬಿ ನಿಲ್ಲಲ್ಲ.

ಇಂಥ ಕಡೆ ಎಂಸಿಬಿ ಕಿತ್ತು 25 ಅಥವಾ 32ರದ್ದು ಹಾಕಿ ಹೋಗುವವರಿದ್ದಾರೆ. ಟ್ರಿಪ್ ನಿಲ್ಲುತ್ತೆ, ನಿಜ. ಆದರೆ ಗೋಡೆಯೊಳಗೆ ಇರುವುದು 2.5 ಸ್ಕ್ವೇರ್ ಎಂಎಂ ವೈರ್, ಕೊನೆಯಲ್ಲಿ 16 ಆಂಪ್ ಪ್ಲಗ್. ಆ ಮನೆಯ ಪ್ಲಗ್ ಆಗಲೇ ಒಂದು ಕಾಲಿನ ಹತ್ತಿರ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ದಯವಿಟ್ಟು ಹೀಗೆ ಮಾಡಿಸಬೇಡಿ. ವೈರ್ ಬದಲಾಯಿಸದೆ ಎಂಸಿಬಿ ದೊಡ್ಡದು ಮಾಡಿದರೆ ಮುಂದೆ ಸುಡುವುದು ಗೋಡೆಯೊಳಗೆ. ನಾವು ಡಿಬಿಯಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಬೇರೆ ಎಳೆದು, 25 ಆಂಪ್ ಎಂಸಿಬಿ ಹಾಕಿ, ಪ್ಲಗ್ ತೆಗೆದು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ 32 ಆಂಪ್ ಡಿಪಿ ಸ್ವಿಚ್‌ಗೆ ನೇರ ಜೋಡಿಸಿದೆವು. ವೈರ್ ದಪ್ಪವಾದ್ದರಿಂದ ಮನೆಯೊಳಗೆ ಕಳೆದುಹೋಗುತ್ತಿದ್ದ ವೋಲ್ಟೇಜ್‌ನಲ್ಲಿ ಒಂದಷ್ಟು ಕೂಡ ಉಳಿಯಿತು. ಬಿಲ್‌ನಲ್ಲಿ ಅವರ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇತ್ತು, ಈ ಒಂದು ಗೀಸರೇ ಅದನ್ನು ದಾಟುತ್ತೆ, ಹಾಗಾಗಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ ಅಂತಲೂ ಹೇಳಿದೆ.

ಒಂದು ಎಚ್ಚರಿಕೆ. ಟ್ರಿಪ್ ಅಂದರೆ ಯಾವುದು ಬಿತ್ತು ಅಂತ ಮೊದಲು ನೋಡಿ. ಎಂಸಿಬಿ ಬಿದ್ದರೆ ಮೇಲಿನ ಕಥೆ, ಇಲ್ಲವೇ ಶಾರ್ಟ್. ಡಿಬಿಯಲ್ಲಿ ಎಲ್ಲ ಮೇಲೇ ಇದ್ದು ಗೀಸರ್ ಲೈಟ್ ಮಾತ್ರ ಆರಿದರೆ ಫ್ಲೋ ಸ್ವಿಚ್ ಅಥವಾ ಥರ್ಮಲ್ ಕಟೌಟ್. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಬಿದ್ದರೆ ಅದು ಲೋಡಿನ ಮಾತಲ್ಲ, ಕರೆಂಟ್ ಎಲ್ಲೋ ಅರ್ತ್‌ಗೆ ಸೋರುತ್ತಿದೆ. ಗೀಸರ್ ಹಾಕಿದಾಗ ಮಾತ್ರ ಬೀಳುತ್ತಿದ್ದರೆ ಹೆಚ್ಚಾಗಿ ಎಲಿಮೆಂಟ್ ಮೈ ಬಿರುಕು ಬಿಟ್ಟು ನೀರು ಒಳಗಿಳಿದಿರುತ್ತೆ. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಿ ಪರೀಕ್ಷಿಸಿ ಎಲಿಮೆಂಟ್ ಬದಲಾಯಿಸುವವರೆಗೆ ಆ ಗೀಸರ್ ಬಳಸಲೇಬಾರದು. ಆರ್‌ಸಿಸಿಬಿ ಬೈಪಾಸ್ ಮಾಡಿ "ಈಗ ಸರಿಹೋಯ್ತು" ಅನ್ನುವವರನ್ನು ಮನೆಯೊಳಗೆ ಬಿಡಬೇಡಿ, ಒದ್ದೆ ಮೈಯಲ್ಲಿ ನಿಂತಿರುವವರ ಜೀವ ಕಾಯುವುದು ಅದೊಂದೇ.

ಕೆಲಸ ಮುಗಿಯುವ ಹೊತ್ತಿಗೆ ಅವರು, ಕೆಳಗಿನ ಬಚ್ಚಲಿಗೂ ಇಂಥದ್ದೇ ಇನ್ನೊಂದು ಹಾಕಿಸೋಣವಾ ಅಂತ ಕೇಳಿದರು. ಬೇಡ ಅಂದೆ. ಎರಡೂ ಒಟ್ಟಿಗೆ ಓಡಿದರೆ 40 ಆಂಪ್, ಆ ಮನೆಯ ಸಿಂಗಲ್ ಫೇಸ್ ಸರ್ವಿಸ್ ವೈರಿಗೆ ಅದು ಭಾರ. ಅಲ್ಲಿಗೆ 15 ಲೀಟರ್ ಟ್ಯಾಂಕಿನ 2 ಕಿಲೋವ್ಯಾಟ್ ಗೀಸರ್ ಸಾಕು. 9 ಆಂಪ್‌ಗಿಂತ ಕಮ್ಮಿ ಎಳೆಯುತ್ತೆ, ಹಳೇ ವೈರೇ ನಡೆಯುತ್ತೆ, 20 ಡಿಗ್ರಿ ನೀರು 60ಕ್ಕೆ ಬರಲು ಇಪ್ಪತ್ತು ನಿಮಿಷ ಚಿಲ್ಲರೆ ಕಾಯಬೇಕು ಅಷ್ಟೇ. ವೋಲ್ಟೇಜ್ ಕಮ್ಮಿಯಿದ್ದ ದಿನ ಇನ್ನೊಂದೈದು ನಿಮಿಷ ಜಾಸ್ತಿ ಆಗಬಹುದು, ಆದರೆ ಕಾಯುವ ನೀರು 60ಕ್ಕೇ ಕಾಯುತ್ತೆ, ಮತ್ತು ಅದಕ್ಕೆ ತಣ್ಣೀರನ್ನು ಎಷ್ಟು ಬೇಕಾದರೂ ಬೆರೆಸಿಕೊಳ್ಳಬಹುದು.