ಅಮ್ಮನ ಹದಿನಾರು, ಅರಸನ ಹದಿನಾರು

ಶ್ರವಣಬೆಳಗೊಳಕ್ಕೆ ಬಂದವರಲ್ಲಿ ಬಹಳ ಮಂದಿ ದೊಡ್ಡಬೆಟ್ಟ ಹತ್ತಿ, ಗೊಮ್ಮಟಸ್ವಾಮಿಗೆ ಕೈಮುಗಿದು ಹೊರಟುಬಿಡುತ್ತಾರೆ. ನಮ್ಮ ದೊಡ್ಡಮ್ಮ ಹಾಗಲ್ಲ, ಚಿಕ್ಕಬೆಟ್ಟ ಹತ್ತದೆ ಊರಿಗೆ ವಾಪಸಾದದ್ದೇ ಇಲ್ಲ. ಮೆಟ್ಟಿಲಿಗೊಂದರಂತೆ ಅವರ ಬಾಯಲ್ಲಿ ಮೊದಲ ತೀರ್ಥಂಕರನ ತಾಯಿ ಮರುದೇವಿಯ ಹದಿನಾರು ಕನಸುಗಳು ಬರುತ್ತವೆ: ಐರಾವತ, ಬಿಳಿಯ ವೃಷಭ, ಸಿಂಹ, ಆನೆಗಳು ನೀರೆರೆಯುತ್ತಿರುವ ಲಕ್ಷ್ಮಿ, ಎರಡು ಹೂಮಾಲೆ, ಹುಣ್ಣಿಮೆಯ ಚಂದ್ರ, ಹುಟ್ಟುವ ಸೂರ್ಯ... ಹದಿನಾರನೆಯದು ಹೊಗೆಯಿಲ್ಲದ ಬೆಂಕಿ. ಅಷ್ಟು ಮುಗಿದರೆ ಮತ್ತೆ ಐರಾವತದಿಂದ ಶುರು.

ಈ ಸಲ ಅವರನ್ನು ಮೊದಲು ಕರೆದೊಯ್ದದ್ದು ಕತ್ತಲೆ ಬಸದಿಗೆ. ಒಳಗೆ ಕುಳಿತಿರುವವನು ಆದಿನಾಥ, ಅಂದರೆ ಆ ಮರುದೇವಿಯ ಮಗನೇ. ಹೊಯ್ಸಳರ ದಂಡನಾಯಕ ಗಂಗರಾಜ ಈ ಬಸದಿಯನ್ನು 1118ರ ಸುಮಾರಿಗೆ ಕಟ್ಟಿಸಿದ್ದು ತನ್ನ ತಾಯಿ ಪೋಚವ್ವೆಗಾಗಿ. ತಾಯಿಯ ಕನಸಿನಿಂದ ಮೊದಲಾಗುವ ಕಥೆಯ ದೇವರು, ತಾಯಿಗೆಂದು ಕಟ್ಟಿಸಿದ ಗುಡಿಯಲ್ಲಿ ಕುಳಿತಿದ್ದಾನೆ ಎಂದುಕೊಂಡಾಗ ಆ ಕತ್ತಲಲ್ಲಿ ನನ್ನ ಕಣ್ಣು ತುಂಬಿತು.

ಆದಿಪುರಾಣದ ಆ ಸಂದರ್ಭ ನನಗೆ ತುಂಬ ಇಷ್ಟ. ಇರುಳಿನ ಕೊನೆಯ ಜಾವದಲ್ಲಿ ಮರುದೇವಿ ಕನಸು ಕಾಣುತ್ತಾಳೆ. ಎಚ್ಚರವಾದ ಮೇಲೆ ಗಾಬರಿಯಿಂದ ಓಡುವುದಿಲ್ಲ. ಸ್ನಾನ ಮಾಡಿ, ಮಂಗಳವಸ್ತ್ರ ಉಟ್ಟು, ನಾಭಿರಾಜನ ಬಳಿ ಹೋಗಿ ಕುಳಿತು ಕ್ರಮವಾಗಿ ಹೇಳುತ್ತಾಳೆ. ಆತ ಕಣ್ಣಿಗೆ ಕಾಣದ್ದನ್ನೂ ಅರಿಯುವ ಅವಧಿಜ್ಞಾನದಿಂದ ಒಂದೊಂದಕ್ಕೂ ಫಲ ಹೇಳುತ್ತಾನೆ. ಸಿಂಹ ಕಂಡದ್ದು ಮಗನ ಅನಂತ ಬಲಕ್ಕೆ, ಮಾಲೆಗಳು ಅವನು ನಡೆಸುವ ಧರ್ಮತೀರ್ಥಕ್ಕೆ, ಹೊಗೆಯಿಲ್ಲದ ಬೆಂಕಿ ಅವನು ಸುಡಲಿರುವ ಕರ್ಮಕ್ಕೆ. ಎಲ್ಲ ಮುಗಿದ ಮೇಲೆ ಬಾಯೊಳಗೆ ಹೊಕ್ಕ ವೃಷಭವೇ ಗರ್ಭಕ್ಕೆ ಬಂದ ಕಂದ. ತೀರ್ಥಂಕರನ ಬದುಕಿನ ಐದು ಮಂಗಳ ಘಟನೆಗಳನ್ನು ಆಚರಿಸುವ ಪಂಚಕಲ್ಯಾಣದ ಗರ್ಭಕಲ್ಯಾಣದಲ್ಲಿ ಇಂದಿಗೂ ಈ ಕನಸುಗಳನ್ನೇ ತೋರಿಸುತ್ತಾರೆ.

ಕತ್ತಲೆ ಬಸದಿಗೆ ಒತ್ತಿಕೊಂಡೇ ಇದೆ ಚಂದ್ರಗುಪ್ತ ಬಸದಿ. ಅಲ್ಲಿನ ಕಲ್ಲಿನ ಜಾಲಂಧ್ರದಲ್ಲಿ ದಾಸೋಜನೆಂಬ ಶಿಲ್ಪಿ ಭದ್ರಬಾಹು ಮುನಿ ಮತ್ತು ಅವರ ಶಿಷ್ಯನಾದ ಮೌರ್ಯ ಅರಸ ಚಂದ್ರಗುಪ್ತನ ಕಥೆಯನ್ನು ಪುಟ್ಟ ಪುಟ್ಟ ಚೌಕಗಳಲ್ಲಿ ಕೊರೆದಿದ್ದಾನೆ. ಮುಖ ಹತ್ತಿರ ತಂದರಷ್ಟೇ ಆಕೃತಿಗಳು ಕಾಣುತ್ತವೆ.

ಚಂದ್ರಗುಪ್ತನೂ ಕಂಡದ್ದು ಹದಿನಾರು ಕನಸು. ದೊಡ್ಡಮ್ಮ ಅವನ್ನು ಹೇಳುತ್ತ ಹೋದಂತೆ ಮೈ ಜುಮ್ಮೆಂದಿತು. ಮರುದೇವಿಗೆ ಸೂರ್ಯ ಹುಟ್ಟುತ್ತಿದ್ದ, ಇವನಿಗೆ ಮುಳುಗುತ್ತಿದ್ದಾನೆ. ಅವಳ ಚಂದ್ರ ತುಂಬು ಬಿಂಬ, ಇವನದು ಒಡೆದದ್ದು. ಅಲ್ಲಿ ತಾವರೆ ತುಂಬಿದ ಕೊಳ, ಇಲ್ಲಿ ಬತ್ತಿದ ಕೆರೆ. ಅಲ್ಲಿ ಸಿಂಹಾಸನ, ಇಲ್ಲಿ ಅದರ ಮೇಲೆ ಕೋತಿ. ಅವಳಿಗೆ ಕಂಡ ದೇವವಿಮಾನದ ಫಲ ಮಗ ಸ್ವರ್ಗದಿಂದ ಇಳಿದು ಬರುವುದು. ಇವನ ವಿಮಾನ ಇಳಿದಂತೆ ಮಾಡಿ ಹಿಂದಿರುಗಿ ಹೋಗುತ್ತದೆ. ಅಲ್ಲಿ ಹೊಗೆಯಿಲ್ಲದ ಬೆಂಕಿ, ಇಲ್ಲಿ ಬಾನೆಲ್ಲ ಬರೀ ಹೊಗೆ. ತೀರ್ಥಂಕರನ ಬರವನ್ನು ಸಾರಿದ ಗುರುತುಗಳೇ ಒಂದೊಂದಾಗಿ ಆರಿಹೋದ ಹಾಗೆ ನನಗೆ ಕಾಣುತ್ತದೆ. ಭದ್ರಬಾಹು ಸ್ವಾಮಿಗಳು ಹೇಳಿದ ಫಲವೂ ಹಾಗೇ: ಮುಳುಗುವ ಸೂರ್ಯನೆಂದರೆ ಜ್ಞಾನ ಮಸುಕಾಗುವುದು, ಒಡೆದ ಚಂದ್ರನೆಂದರೆ ಧರ್ಮ ಒಡೆದು ಪಂಗಡಗಳಾಗುವುದು. ಹನ್ನೆರಡು ಹೆಡೆಯ ಸರ್ಪವೆಂದರೆ ಹನ್ನೆರಡು ವರ್ಷದ ಕ್ಷಾಮ.

ಇದೇ ಬೆಟ್ಟದ ಸುಮಾರು ಕ್ರಿ.ಶ. 600ರ ಶಾಸನದಲ್ಲಿ ರಾಜನ ಕನಸಿನ ಮಾತಿಲ್ಲ. ಭದ್ರಬಾಹುಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಸಂಕಟವನ್ನು, ಎಂಟು ಬಗೆಯ ಗುರುತುಗಳಿಂದ ಮುಂದಾಗುವುದನ್ನು ಅರಿಯುವ ಅಷ್ಟಾಂಗ ನಿಮಿತ್ತದಿಂದ ತಿಳಿದರು, ಸಂಘವೆಲ್ಲ ದಕ್ಷಿಣಕ್ಕೆ ಹೊರಟಿತು ಎಂದಿದೆ. ಹದಿನಾರು ಕನಸುಗಳು ಬರುವುದು ನಂತರದ ಕಥೆಗಳಲ್ಲಿ. ಆದರೆ ಆ ಎಂಟು ನಿಮಿತ್ತಗಳಲ್ಲಿ ಸ್ವಪ್ನವೂ ಒಂದು. ಹಾಗಾಗಿ ಶಾಸನವೂ ಕಥೆಯೂ ನನ್ನ ಮನಸ್ಸಿನಲ್ಲಿ ಜಗಳವಾಡುವುದಿಲ್ಲ.

"ಕೆಟ್ಟ ಕನಸು ಬಿದ್ರೆ ಶಾಂತಿ ಮಾಡಿಸ್ತೀವಿ. ಅವನು ಏನೂ ಮಾಡಿಸ್ಲಿಲ್ವಾ ದೊಡ್ಡಮ್ಮ?" ಎಂದು ಕೇಳಿದೆ.

"ಇಲ್ಲ ಕಣೋ ಮಗ. ಮಗನಿಗೆ ಪಟ್ಟ ಕಟ್ಟಿ, ದೀಕ್ಷೆ ತಗೊಂಡು, ಗುರುಗಳ ಹಿಂದೆ ನಡ್ಕೊಂಡು ಇಲ್ಲಿಗೆ ಬಂದ."

ಕನಸಿನ ಫಲವನ್ನು ತಪ್ಪಿಸಲು ಅವನು ಹೊರಡಲಿಲ್ಲ. ಕ್ಷಾಮ ಬಂದೇ ಬಂತು. ಸಂಘ ಮುಂದಕ್ಕೆ ಹೋದರೂ, ಆಹಾರ ತೊರೆದು ದೇಹ ಬಿಡುವ ಸಲ್ಲೇಖನ ವ್ರತ ಹಿಡಿದ ಗುರುವಿನ ಸೇವೆಗೆ ಚಂದ್ರಗುಪ್ತ ಮುನಿ ಈ ಬೆಟ್ಟದಲ್ಲೇ ಉಳಿದ ಎನ್ನುತ್ತದೆ ಪರಂಪರೆ.

ಭದ್ರಬಾಹು ಗುಹೆಗೆ ತಲೆಬಾಗಿಸಿಯೇ ಒಳಗೆ ಹೋದೆವು. ಬಂಡೆಯ ಮೇಲೆ ಗುರುಗಳ ಪಾದಗಳು. ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ, ಮನೆಯಿಂದ ತಂದ ಅಕ್ಕಿಯನ್ನು ಎರಡೂ ಪಾದಕ್ಕೆ ಸಮನಾಗಿ ಇಟ್ಟು ನಮಸ್ಕರಿಸಿದರು. ನಾನೂ ನಮಸ್ಕರಿಸಿದೆ. ಇಳಿಯುವಾಗ ಅವರು ಮತ್ತೆ ಐರಾವತದಿಂದ ಶುರುಮಾಡಿದರು.