ಮೂರು ಚೀಲದ ಲೆಕ್ಕ, ನಾಲ್ಕು ಚೀಲದ ಗೋಡೆ

ದಾವಣಗೆರೆಯಲ್ಲಿ ಸಣ್ಣಪುಟ್ಟ ಮನೆಗಳ ಕೆಲಸ ನೋಡಿಕೊಳ್ಳುವ ಸೈಟ್ ಇಂಜಿನಿಯರ್ ನಾನು. ಒಳಗೋಡೆಗೆ ಪ್ಲಾಸ್ಟರಿಂಗ್ ಶುರುವಾದ ವಾರದಲ್ಲಿ ಮನೆ ಯಜಮಾನರಿಂದ ಒಂದು ಫೋನ್ ಬಂದೇ ಬರುತ್ತದೆ: "ಸಿಮೆಂಟ್ ಜಾಸ್ತಿ ಹೋಗ್ತಾ ಇದೆಯಲ್ರೀ!" ಆಮೇಲೆ ದನಿ ತಗ್ಗಿಸಿ ಮೇಸ್ತ್ರಿ ಮೇಲೆ ಒಂದು ಅನುಮಾನ. ಕುಂದುವಾಡ ಕೆರೆ ಕಡೆಯ ಒಂದು ಮನೆಯಲ್ಲಿ ಹೀಗೇ ಆಯಿತು. ಯಜಮಾನರು ನಿವೃತ್ತ ಮೇಷ್ಟ್ರು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ಅವರ ನೋಟ್‌ಬುಕ್ ಇಲ್ಲದಿದ್ದರೆ ಈ ಲೆಕ್ಕ ಬಿಡಿಸೋದು ಕಷ್ಟ ಇತ್ತು.

ಒಂದು ರೂಮಿನ ಕಥೆ ಮಾತ್ರ ಹೇಳುತ್ತೇನೆ. ಒಳ ಅಳತೆ 12 ಅಡಿ, 10 ಅಡಿ. ಎತ್ತರ 10 ಅಡಿ. ಸುತ್ತಳತೆ 44 ಅಡಿ, ಅಂದರೆ ನಾಲ್ಕೂ ಗೋಡೆ ಸೇರಿ 440 ಚದರ ಅಡಿ. ಮೂರೂವರೆ ಅಡಿ ಅಗಲ, 7 ಅಡಿ ಎತ್ತರದ ಬಾಗಿಲು ಒಂದು. 5 ಅಡಿ ಅಗಲ, 4 ಅಡಿ ಎತ್ತರದ ಕಿಟಕಿ ಒಂದು. ಎರಡನ್ನೂ ಕಳೆದು, ಕಿಟಕಿಯ ಒಳಮೈಗೆ ಹಚ್ಚುವುದನ್ನು ಸೇರಿಸಿದರೆ ಸರಿಯಾಗಿ 400 ಚದರ ಅಡಿ ಸಿಗುತ್ತದೆ.

ಒಳಗೋಡೆಗೆ ನಾವು ಹಿಡಿಯುವುದು 12 ಎಂಎಂ ದಪ್ಪ, ಮಾಲು 1:6. ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. 12 ಎಂಎಂ ಅನ್ನು ಅಡಿಗೆ ತಿರುಗಿಸಿದರೆ 0.0394. ಅದನ್ನು 400ಕ್ಕೆ ಗುಣಿಸಿದರೆ 15.75 ಘನ ಅಡಿ, ಸೈಟಿನ ಮಾತಿನಲ್ಲಿ ಸಿಎಫ್‌ಟಿ. ಇದು ಗಾಜಿನ ಹಾಗೆ ನುಣುಪಾದ ಗೋಡೆಗೆ ಆಯಿತು. ಇಟ್ಟಿಗೆ ಗೋಡೆಯಲ್ಲಿ ಸಂದುಗಳಿರುತ್ತವೆ, ಏರುತಗ್ಗು ಇರುತ್ತದೆ, ಕೆಳಗೆ ಬೀಳುವ ಮಾಲೂ ಇದೆ. ಅದಕ್ಕೆಲ್ಲ 20 ಪರ್ಸೆಂಟ್ ಸೇರಿಸಿದರೆ ಸುಮಾರು 19 ಸಿಎಫ್‌ಟಿ ಕಲಸಿದ ಮಾಲು ಬೇಕು.

ಇಲ್ಲೇ ಬಹಳ ಜನ ಎಡವುತ್ತಾರೆ. 19 ಸಿಎಫ್‌ಟಿ ಮಾಲಿಗೆ 19 ಸಿಎಫ್‌ಟಿ ಒಣ ಸಾಮಾನು ಸಾಕಾಗಲ್ಲ. ನೀರು ಹಾಕಿ ಕಲಸಿದಾಗ ಸಿಮೆಂಟ್ ಹೋಗಿ ಮರಳಿನ ಕಣಗಳ ನಡುವಿನ ಸಂದಿನಲ್ಲಿ ಕೂರುತ್ತದೆ, ಮಾಲು ಕುಗ್ಗುತ್ತದೆ. ಅದಕ್ಕೇ 1.3ರಿಂದ ಗುಣಿಸುತ್ತೇವೆ. ಹಾಗೆ ಮಾಡಿದರೆ 24.6 ಸಿಎಫ್‌ಟಿ ಒಣ ಸಾಮಾನು. ಅದನ್ನು ಏಳು ಪಾಲು ಮಾಡಿದರೆ ಒಂದು ಪಾಲು ಮೂರೂವರೆ ಸಿಎಫ್‌ಟಿ, ಅದು ಸಿಮೆಂಟ್. ಉಳಿದ 21 ಸಿಎಫ್‌ಟಿ ಮರಳು. 50 ಕೆಜಿ ಚೀಲ ಅಂದರೆ ಸುಮಾರು 1.23 ಸಿಎಫ್‌ಟಿ. ಹಾಗಾಗಿ ಸಿಮೆಂಟ್ 2.86 ಚೀಲ. ಮೂರು ಅಂತ ಬರೆದುಕೊಟ್ಟಿದ್ದೆ.

ರೂಮು ಮುಗಿದಾಗ ಹೋಗಿದ್ದು ನಾಲ್ಕು ಚೀಲ.

"ನಿಮ್ಮ ಲೆಕ್ಕ ಮೂರು, ಇಲ್ಲಿ ನಾಲ್ಕು. ಇನ್ನೂ ಆರು ರೂಮಿನಷ್ಟು ಗೋಡೆ ಇದೆ, ಹೇಳ್ರಿ ಏನು ಮಾಡೋದು?" ಅಂದರು ಮೇಷ್ಟ್ರು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. "ಸಾರ್, ಒಂದು ಬಾಂಡ್ಲಿ ಸಿಮೆಂಟೂ ಆ ಕಡೆ ಈ ಕಡೆ ಆಗಿಲ್ಲ" ಅಂದರು ಅವರು.

ಮೇಷ್ಟ್ರ ಅನುಮಾನ ಕಳ್ಳತನದ ಮೇಲಲ್ಲ. ಮೇಸ್ತ್ರಿ ಕೆಲಸ ಸಲೀಸಾಗಲಿ ಅಂತ 1:4 ಕಲಸಿರಬೇಕು ಅನ್ನೋದು ಅವರ ವಾದ. ಸುಮ್ನೆ ಹೇಳಿದ ಮಾತಲ್ಲ ಅದು. ಸಿಮೆಂಟ್ ಜಾಸ್ತಿ ಇರುವ ಮಾಲು ಕರಣೆಗೆ ಬೆಣ್ಣೆಯ ಹಾಗೆ ಬರುತ್ತದೆ, ಗೋಡೆಗೆ ಬೇಗ ಅಂಟುತ್ತದೆ. ಲೆಕ್ಕ ಹಾಕಿ ನೋಡಿ: ಅದೇ 24.6 ಸಿಎಫ್‌ಟಿಯನ್ನು 1:4ರಲ್ಲಿ ಐದು ಪಾಲು ಮಾಡಿದರೆ ಸಿಮೆಂಟ್ 4.9 ಸಿಎಫ್‌ಟಿ, ಅಂದರೆ ಸರಿಯಾಗಿ ನಾಲ್ಕು ಚೀಲ.

ಆದರೆ ನಾಲ್ಕು ಚೀಲಕ್ಕೆ ಇನ್ನೊಂದು ದಾರಿಯೂ ಇದೆ. ಮಾಲು 1:6 ಆಗಿಯೇ ಇದ್ದು ದಪ್ಪ 12ರ ಬದಲು 18 ಎಂಎಂ ಆದರೆ? 400 ಚದರ ಅಡಿಗೆ 23.6 ಸಿಎಫ್‌ಟಿ. ಸಂದು ತುಂಬಲು ಹಿಡಿದಿದ್ದ 3 ಸಿಎಫ್‌ಟಿ ಚಿಲ್ಲರೆ ಹಾಗೇ ಇರಲಿ, ದಪ್ಪ ಜಾಸ್ತಿಯಾದರೆ ಸಂದು ಜಾಸ್ತಿ ಆಗಲ್ಲ ಅಲ್ವಾ? ಒಟ್ಟು 26.8. ಒಣ ಲೆಕ್ಕದಲ್ಲಿ 34.8. ಏಳು ಪಾಲು ಮಾಡಿದರೆ ಸಿಮೆಂಟ್ 5 ಸಿಎಫ್‌ಟಿ. ಅದೂ ನಾಲ್ಕು ಚೀಲವೇ!

ಅಂದರೆ ಖಾಲಿ ಚೀಲ ಎಣಿಸಿದರೆ ಯಾವುದು ನಡೆದಿದೆ ಅಂತ ಗೊತ್ತಾಗಲ್ಲ. ಮರಳು ಎಣಿಸಬೇಕು. ಮಾಲು 1:4 ಆಗಿದ್ದರೆ ಮರಳು 20 ಸಿಎಫ್‌ಟಿ ಹೋಗಿರುತ್ತದೆ, ದಪ್ಪ 18 ಎಂಎಂ ಆಗಿದ್ದರೆ 30. ಒಂದರ ಒಂದೂವರೆ ಪಟ್ಟು ಇನ್ನೊಂದು.

ನಮ್ಮ ಸೈಟಿನಲ್ಲಿ ಮರಳನ್ನು ಬಾಂಡ್ಲಿಯಲ್ಲಿ ಅಳೆಯಲು ನಾನು ಬಿಡಲ್ಲ. ಬಾಂಡ್ಲಿ ಒಂದೊಂದು ಒಂದೊಂದು ಸೈಜು, ಹೆಲ್ಪರ್ ಮರಳನ್ನು ಗೋಪುರದ ಹಾಗೆ ತುಂಬುತ್ತಾನೆ, ಸಿಮೆಂಟನ್ನು ಮಟ್ಟವಾಗಿ. ಅದಕ್ಕೆ ಮರದ ಅಳತೆ ಪೆಟ್ಟಿಗೆ ಮಾಡಿಸಿಟ್ಟಿದ್ದೇನೆ. ಒಳಗೆ 40 ಸೆಂಮೀ ಉದ್ದ, 35 ಅಗಲ, 25 ಎತ್ತರ. 35 ಲೀಟರ್ ಹಿಡಿಯುತ್ತದೆ, ಹೆಚ್ಚುಕಮ್ಮಿ ಒಂದು ಚೀಲ ಸಿಮೆಂಟಿನಷ್ಟು. ಒಂದು ಚೀಲಕ್ಕೆ ಆರು ಪೆಟ್ಟಿಗೆ ಮರಳು ಹಾಕಿದರೆ 1:6 ಆಯಿತು. ಮೇಷ್ಟ್ರು ಪೆಟ್ಟಿಗೆಗಳಿಗೂ ಗೀಟು ಹಾಕಿದ್ದರು. 24 ಗೀಟು ಇತ್ತು. 1:4 ಆಗಿದ್ದರೆ 16 ಇರಬೇಕಿತ್ತು. ಮೇಸ್ತ್ರಿ ಮಾತು ನಿಜ. ಹೆಚ್ಚಾಗಿದ್ದು ದಪ್ಪ.

ದಪ್ಪ ಎಲ್ಲಿ ಹೆಚ್ಚಾಗಿತ್ತು ಅಂತ ನೋಡಲು ಸ್ವಿಚ್ ಬಾಕ್ಸುಗಳ ಅಂಚು ಸಾಕು. ಬಾಕ್ಸಿನ ಪಕ್ಕ ಸ್ವಲ್ಪ ಕೆರೆದರೆ ಇಟ್ಟಿಗೆ ಕಾಣುತ್ತದೆ, ಸ್ಕೇಲ್ ಇಟ್ಟು ಅಳೆಯಬಹುದು. ಬಾಕ್ಸ್ ಇಲ್ಲದ ಕಡೆ ಪ್ಲಾಸ್ಟರ್ ಹಸಿ ಇದ್ದಾಗಲೇ ಮೊಳೆ ಚುಚ್ಚಿ ನೋಡಬೇಕು. ಈ ರೂಮಿನಲ್ಲಿ ಮೂರು ಗೋಡೆ ಸರಾಸರಿ 14 ಎಂಎಂ ಇದ್ದವು. 12 ಅಡಿ ಉದ್ದದ ಒಂದು ಹೊರಗೋಡೆ ಮಾತ್ರ ತೂಗುಗುಂಡಿನ ದಾರಕ್ಕೆ ಸರಿಯಿರಲಿಲ್ಲ. ಅದರಲ್ಲಿ ಕೆಳಗೆ 20 ಎಂಎಂ, ಸೀಲಿಂಗ್ ಹತ್ತಿರ 35. ಹತ್ತಡಿ ಎತ್ತರದಲ್ಲಿ ಒಂದೂವರೆ ಸೆಂಮೀ ಹೊರಕ್ಕೆ ವಾಲಿತ್ತು. ಆ 120 ಚದರ ಅಡಿಯೊಂದೇ ಇಡೀ ರೂಮಿನ ಸರಾಸರಿಯನ್ನು 18ಕ್ಕೆ ಎಳೆದಿತ್ತು.

ಹೊರಗೋಡೆಯ ಒಳಮುಖ ಹೀಗಾಗುವುದಕ್ಕೆ ಕಾರಣ ಇದೆ. ಕಟ್ಟುವಾಗ ಮೇಸ್ತ್ರಿ ದಾರ ಹಿಡಿಯುವುದು ಒಂದು ಮುಖಕ್ಕೆ ಮಾತ್ರ, ಸಾಮಾನ್ಯವಾಗಿ ಹೊರಮುಖಕ್ಕೆ. ಕೈಯಿಂದ ಅಚ್ಚು ಹಾಕಿದ ಇಟ್ಟಿಗೆಯ ಉದ್ದ ಒಂದೇ ಸಮ ಇರಲ್ಲ. ಒಂಬತ್ತು ಇಂಚಿನ ಗೋಡೆಯಲ್ಲಿ ಅಡ್ಡ ಇಟ್ಟ ಇಟ್ಟಿಗೆಯ ಆ ಏರುಪೇರೆಲ್ಲ ಇನ್ನೊಂದು ಮುಖಕ್ಕೆ ತಳ್ಳಿಹೋಗುತ್ತದೆ. ಅದೇ ನಮ್ಮ ಒಳಗೋಡೆ. ಹಾಗಾಗಿ ಇಟ್ಟಿಗೆ ಗೋಡೆಯ ಒಳಮುಖಕ್ಕೆ 12 ಎಂಎಂ ಅಂತ ಬರೆಯುವುದು ನನ್ನ ಪ್ರಕಾರ ಕಾಗದಕ್ಕೆ ಮಾತ್ರ ಸರಿ. ನಾನು 15 ಹಿಡಿಯುತ್ತೇನೆ. ಆಗ ಇದೇ ರೂಮಿಗೆ ಮೂರೂವರೆ ಚೀಲ, 25 ಸಿಎಫ್‌ಟಿ ಮರಳು ಬರುತ್ತದೆ. ಕಾಂಕ್ರೀಟ್ ಬ್ಲಾಕ್ ಗೋಡೆಗಾದರೆ 12 ನಡೆಯುತ್ತದೆ.

ಮುಂದಿನ ರೂಮುಗಳಿಗೆ ಮಾಲು ಕಲಸುವ ಮೊದಲೇ ಅಳೆದೆವು. ಗೋಡೆಯ ಎರಡು ತುದಿ ಮತ್ತು ನಡುವೆ ಗುಂಡು ಬಿಟ್ಟು, ದಾರದಿಂದ ಇಟ್ಟಿಗೆಗೆ ಮೇಲೆ, ಮಧ್ಯ, ಕೆಳಗೆ ಅಂತರ ಬರೆದುಕೊಂಡೆವು. ಒಂದು ಗೋಡೆಗೆ ಒಂಬತ್ತು ಅಂಕಿ. ತೀರಾ ಮುಂದೆ ಬಂದ ಇಟ್ಟಿಗೆಯ ಮೇಲೆ 10 ಎಂಎಂ ಉಳಿಯುವ ಹಾಗೆ ಪ್ಲಾಸ್ಟರಿನ ಮಟ್ಟ ಇಟ್ಟರೆ, ಉಳಿದ ಜಾಗಗಳ ದಪ್ಪ ತಾನಾಗಿ ಸಿಗುತ್ತದೆ. ಅದರ ಸರಾಸರಿಯೇ ಲೆಕ್ಕಕ್ಕೆ ಹಾಕಬೇಕಾದ ದಪ್ಪ. ಕೆಲವೊಮ್ಮೆ ಒಂದೇ ಒಂದು ಇಟ್ಟಿಗೆ ಮೂಗು ಚಾಚಿರುತ್ತದೆ. ಅದನ್ನು ಉಳಿಯಿಂದ ಕೆತ್ತಿದರೆ ಗೋಡೆಯುದ್ದಕ್ಕೂ 5 ಎಂಎಂ ಉಳಿಯುತ್ತದೆ.

ಕೆಲಸ ನಡೆಯುವಾಗ ದಿನದ ಕೊನೆಗೆ ನೋಡಿಕೊಳ್ಳಲು ಸುಲಭದ ಲೆಕ್ಕ ಇದು: 1:6ರಲ್ಲಿ 12 ಎಂಎಂ ಆದರೆ ಒಂದು ಚೀಲಕ್ಕೆ ಸುಮಾರು 140 ಚದರ ಅಡಿ ಆಗಬೇಕು. 18 ಎಂಎಂ ಆದರೆ 100ಕ್ಕೆ ಇಳಿಯುತ್ತದೆ. 110, 120 ಬಂದರೆ ಮಧ್ಯದಲ್ಲೆಲ್ಲೋ ಇದ್ದೀರಿ.

ಈ ಲೆಕ್ಕ ಕೆಡಿಸುವ ಇನ್ನೊಂದು ಸಂಗತಿ ಹಸಿ ಮರಳು. ಪ್ಲಾಸ್ಟರಿಗೆ ಬಳಸುವ ಪಿ ಸ್ಯಾಂಡ್ ಒದ್ದೆಯಾಗಿ ಬಂದಿದ್ದರೆ, ಅಥವಾ ರಾತ್ರಿ ಮಳೆ ಬಂದಿದ್ದರೆ, ಕಣಗಳ ಸುತ್ತ ನೀರಿನ ಪೊರೆ ಕೂತು ಮರಳು ಉಬ್ಬುತ್ತದೆ. ಪೆಟ್ಟಿಗೆ ತುಂಬಿದ ಹಾಗೆ ಕಂಡರೂ ಒಳಗೆ ಮರಳು ಕಡಿಮೆ. ಪರೀಕ್ಷೆಗೆ ಒಂದು ಗಾಜಿನ ಬಾಟಲಿ ಸಾಕು. ಅಗಲ ಬಾಯಿಯ ನೇರ ಬಾಟಲಿಗೆ 6 ಇಂಚು ಹಸಿ ಮರಳು ಹಾಕಿ, ಒತ್ತಬೇಡಿ. ಮರಳು ಮುಳುಗುವಷ್ಟು ನೀರು ಹಾಕಿ ಕಲಕಿ ಬಿಡಿ. ಇಳಿದು 5 ಇಂಚಿಗೆ ನಿಂತರೆ 20 ಪರ್ಸೆಂಟ್ ಉಬ್ಬು. ಅಂಥ ಮರಳು ಆರು ಪೆಟ್ಟಿಗೆ ಹಾಕಿದರೆ ನಿಜಕ್ಕೂ ಬೀಳುವುದು ಐದು, ಮಾಲು 1:5 ಆಗುತ್ತದೆ. ನಮ್ಮ 12 ಎಂಎಂ ಲೆಕ್ಕದ ರೂಮಿಗೆ ಅರ್ಧ ಚೀಲ ಸಿಮೆಂಟ್ ಸುಮ್ನೆ ಹೋಗುತ್ತದೆ. ಸಿಮೆಂಟ್ ಜಾಸ್ತಿಯಾದರೆ ಗೋಡೆ ಗಟ್ಟಿಯಾಯಿತು ಅಂತ ಖುಷಿಪಡುವ ಹಾಗೂ ಇಲ್ಲ. ಅಂಥ ಮಾಲು ಒಣಗುವಾಗ ಜಾಸ್ತಿ ಕುಗ್ಗುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಕೂದಲೆಳೆ ಬಿರುಕು ಬೇಗ ಕಾಣುತ್ತದೆ. 20 ಪರ್ಸೆಂಟ್ ಉಬ್ಬಿದ್ದರೆ ಆರರ ಬದಲು ಏಳು ಪೆಟ್ಟಿಗೆ, ಮೇಲೆ ಒಂದಿಷ್ಟು ಹಾಕಿಸಿ. ಹಾಗೇ ಬಾಟಲಿಯಲ್ಲಿ ಮರಳಿನ ಮೇಲೆ ದಪ್ಪಗೆ ಧೂಳಿನ ಪದರ ಕೂತರೆ ಆ ಲೋಡನ್ನು ಪ್ಲಾಸ್ಟರಿಗೆ ಬಳಸಬೇಡಿ.

ವಾಲಿದ ಗೋಡೆಗೆ ಬಂದರೆ, 20 ಎಂಎಂ ದಾಟುವ ಕಡೆ ಒಂದೇ ಸಲಕ್ಕೆ ಹಚ್ಚಬಾರದು. ಸ್ವಂತ ಭಾರಕ್ಕೆ ಮಾಲು ಜಾರುತ್ತದೆ, ಇಟ್ಟಿಗೆಯಿಂದ ಬಿಡುತ್ತದೆ. ಒಣಗಿದ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಮೊದಲ ದಿನ ತಗ್ಗು ತುಂಬಿ, ಮೈ ಒರಟಾಗಿರುವಾಗಲೇ ಗೀರು ಹಾಕಿ ಬಿಡಬೇಕು. ಮಾರನೇ ದಿನ ನೀರು ಚಿಮುಕಿಸಿ ಮೇಲಿನ ಪದರ. ಮೇಷ್ಟ್ರ ಮನೆಯ ಆ ಗೋಡೆಯನ್ನೂ ಮೇಸ್ತ್ರಿ ಎರಡು ಸಲಕ್ಕೇ ಮುಗಿಸಿದ್ದರು, ಎಲ್ಲಿ ತಟ್ಟಿದರೂ ಗಟ್ಟಿ ಸದ್ದು. ಉಳಿದ ಕಡೆ ಅವರು ಮೇಲಿನ ನೀರು ಹೀರಲಿ ಅಂತ ಒಣ ಸಿಮೆಂಟ್ ಎರಚುತ್ತಿದ್ದರು. ಅದನ್ನು ಮಾತ್ರ ನಿಲ್ಲಿಸಿದೆ. ಅದು ಯಾವ ಪಾಲಿನ ಲೆಕ್ಕಕ್ಕೂ ಸಿಗದ ಸಿಮೆಂಟ್, ಮೇಲ್ಮೈಯಲ್ಲಿ ಜೇಡರ ಬಲೆಯಂಥ ಬಿರುಕನ್ನೂ ತರುತ್ತದೆ. ಮೇಲೆ ಪುಟ್ಟಿ ಬರುವ ಗೋಡೆಗೆ ಸ್ಪಂಜಿನ ಫಿನಿಶ್ ಸಾಕು.