ಲೆಸ್ಟರ್ ಗೆಲ್ಲುತ್ತದೆಂದು ಆಗಸ್ಟ್‌ನಲ್ಲೇ ಗೊತ್ತಿದ್ದ ಮಾಡೆಲ್: ಪ್ರೀಮಿಯರ್ ಲೀಗ್ ಪ್ರಾಜೆಕ್ಟ್, ಈ ತಿಂಗಳ ಕೆಲಸ

ಈ ಸಲ ಹೊಸ ಫೀಚರ್ ಒಂದನ್ನೂ ಸೇರಿಸಿಲ್ಲ. ಇರುವ ಫೀಚರ್‌ಗಳಲ್ಲಿ ಯಾವುದು ಭವಿಷ್ಯ ನೋಡಿಕೊಂಡು ಬಂದಿದೆ ಎಂದು ಹುಡುಕುವುದೇ ಕೆಲಸವಾಯಿತು. ಹೊಸದಾಗಿ ಓದುವವರಿಗೆ: ಇದು football-data.co.uk ಕೊಡುವ ಸಿಎಸ್‌ವಿ ಫೈಲ್‌ಗಳ ಮೇಲೆ, ನಿರ್ಣಯದ ಮರಗಳನ್ನು ಒಂದರ ಮೇಲೊಂದು ಬೆಳೆಸುವ LightGBM ಓಡಿಸಿ, ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯದಲ್ಲಿ ಮನೆ ತಂಡ ಗೆಲ್ಲುವುದೋ, ಡ್ರಾ ಆಗುವುದೋ, ಸೋಲುವುದೋ ಎಂದು ಸಂಭವನೀಯತೆ ಹೇಳುವ ಹವ್ಯಾಸದ ಪ್ರಾಜೆಕ್ಟ್. ಬಾಜಿಯೆಲ್ಲ ಸ್ಪ್ರೆಡ್‌ಶೀಟ್‌ನಲ್ಲೇ. ನಿಜವಾದ ದುಡ್ಡು ಹಾಕುತ್ತಿಲ್ಲ.

ಭವಿಷ್ಯದ ಮಾಹಿತಿಯ ಈ ಸೋರಿಕೆ ಹೇಗಾಗುತ್ತದೆ ಎಂದು ನೋಡಲು ಬೇಕಂತಲೇ ಎರಡು ರೀತಿಯಲ್ಲಿ ಓಡಿಸಿದೆ. ಒಂದರಲ್ಲಿ ಎಲ್ಲ ಪಂದ್ಯಗಳನ್ನೂ ಕಲಸಿ, ಐದರಲ್ಲಿ ಒಂದು ಭಾಗವನ್ನು ಟೆಸ್ಟ್‌ಗೆ ಎತ್ತಿಟ್ಟೆ. ಇನ್ನೊಂದರಲ್ಲಿ ದಿನಾಂಕದ ಪ್ರಕಾರ ಕತ್ತರಿಸಿದೆ. ಕಲಸಿದ್ದರಲ್ಲಿ ಲಾಭದ ಗೆರೆ ಏರುತ್ತಲೇ ಹೋಯಿತು. ದಿನಾಂಕದ ಪ್ರಕಾರ ಕತ್ತರಿಸಿದ್ದರಲ್ಲಿ ಲಾಭವೇ ಇಲ್ಲ. ಬಾಜಿಗಳನ್ನು ತಂಡವಾರು ಬಿಡಿಸಿದಾಗ ಕಲಸಿದ ಲಾಭದಲ್ಲಿ ಎದ್ದು ಕಂಡ ಹೆಸರು ಲೆಸ್ಟರ್ ಸಿಟಿ, 2015-16ರ ಸೀಸನ್.

ಆ ಸೀಸನ್ ನೆನಪಿದೆಯಲ್ವಾ? 2014-15ರಲ್ಲಿ ಲೆಸ್ಟರ್ 38 ಪಂದ್ಯಗಳಲ್ಲಿ ಗೆದ್ದಿದ್ದು 11. ಲೀಗ್‌ನಲ್ಲಿ 14ನೇ ಸ್ಥಾನ. ಮರು ಸೀಸನ್ ಶುರುವಾಗುವ ಮುಂಚೆ ಈ ತಂಡ ಚಾಂಪಿಯನ್ ಆಗುತ್ತದೆ ಎಂಬ ಬಾಜಿಗೆ ಬುಕ್‌ಮೇಕರ್‌ಗಳು ಒಂದಕ್ಕೆ 5000 ಕೊಡುತ್ತೇವೆ ಎಂದಿದ್ದರು. ಕೊನೆಗೆ ಲೆಸ್ಟರ್ 23 ಗೆದ್ದು, 12 ಡ್ರಾ ಮಾಡಿ, ಬರೀ 3 ಸೋತು, 81 ಅಂಕಗಳೊಂದಿಗೆ ಚಾಂಪಿಯನ್ ಆಯಿತು.

ಈಗ ಕಲಸಿದ ಡೇಟಾದಲ್ಲಿ ಏನಾಗುತ್ತದೆ ನೋಡಿ. ಲೆಸ್ಟರ್‌ನ 38 ಪಂದ್ಯಗಳಲ್ಲಿ ಸುಮಾರು 30 ಟ್ರೈನಿಂಗ್‌ಗೆ ಹೋಗುತ್ತವೆ, 8 ಟೆಸ್ಟ್‌ಗೆ ಬರುತ್ತವೆ. 2015ರ ಆಗಸ್ಟ್‌ನ ಪಂದ್ಯ ಟೆಸ್ಟ್‌ನಲ್ಲಿದೆ, 2016ರ ಏಪ್ರಿಲ್‌ನದು ಟ್ರೈನಿಂಗ್‌ನಲ್ಲಿದೆ. ತಂಡದ ಹೆಸರು, ಸೀಸನ್ ಎರಡೂ ಕಾಲಂಗಳಾಗಿ ಇದ್ದರೆ, ಮರ ಎರಡೇ ಕವಲಲ್ಲಿ 'ಲೆಸ್ಟರ್, 2015-16' ಎಂಬ ಎಲೆ ಮಾಡಿಕೊಳ್ಳುತ್ತದೆ. ಆ ಎಲೆಯಲ್ಲಿ ಗೆಲುವು ನೂರಕ್ಕೆ 60ರ ಹತ್ತಿರ. ಆಗಸ್ಟ್‌ನಲ್ಲಿ ಮಾರುಕಟ್ಟೆ ಇನ್ನೂ ಲೆಸ್ಟರ್ ಅನ್ನು ಹಿಂದಿನ ವರ್ಷದ ತಂಡ ಅಂತಲೇ ನೋಡುತ್ತಿತ್ತು. ಒಂದು ಪಂದ್ಯಕ್ಕೆ ಬೆಲೆ 4.00 ಇದೆ, ಅಂದರೆ ಗೆದ್ದರೆ ಒಂದು ರೂಪಾಯಿಗೆ ನಾಲ್ಕು ವಾಪಸ್ ಬರುತ್ತದೆ ಅಂದುಕೊಳ್ಳಿ. ಮಾಡೆಲ್ ಗೆಲುವಿಗೆ ಶೇಕಡಾ 45 ಅನ್ನುತ್ತದೆ. 0.45 × 4.00 = 1.80. ಅಂದರೆ ನೂರು ರೂಪಾಯಿಗೆ ಸರಾಸರಿ 80 ಲಾಭ! ಅಂಥ ಬಾಜಿಯನ್ನು ಮಾಡೆಲ್ ಬಿಡುತ್ತದೆಯೇ? ಬೇಸಿಗೆಯ ಫಲಿತಾಂಶವನ್ನು ಹಿಂದಿನ ಮಳೆಗಾಲಕ್ಕೆ ತಂದು ಬಾಜಿ ಕಟ್ಟಿದ ಹಾಗಾಯಿತು.

ಸೀಸನ್ ಕಾಲಂ ತೆಗೆದುಹಾಕಿದರೆ ಸಾಕಲ್ಲ ಅನ್ನಿಸುತ್ತದೆ. ಸಾಲದು. ತಂಡದ ವಾರ್ಷಿಕ ಸಂಬಳದ ಮೊತ್ತ ಅಂತ ಒಂದು ಕಾಲಂ ಇತ್ತು. ಆ ಸಂಖ್ಯೆ ಒಂದು ತಂಡಕ್ಕೆ, ಒಂದು ಸೀಸನ್‌ಗೆ ಒಂದೇ. ಬೇರೆ ಯಾರಿಗೂ ಅದೇ ಅಂಕಿ ಇರುವುದಿಲ್ಲ. ಲೀನಿಯರ್ ಮಾಡೆಲ್‌ಗೆ ಅದು ಸುಮ್ನೆ ದೊಡ್ಡದೋ ಚಿಕ್ಕದೋ ಒಂದು ಸಂಖ್ಯೆ. ಮರಕ್ಕೆ ಮಾತ್ರ ಅದು ಹೆಸರಿನ ಚೀಟಿ: ಆಚೆಗೊಂದು, ಈಚೆಗೊಂದು ಗೆರೆ ಎಳೆದರೆ ಆ ತಂಡದ ಆ ಸೀಸನ್ ಮಾತ್ರ ಎಲೆಯಲ್ಲಿ ಉಳಿಯುತ್ತದೆ. ಜೊತೆಗೆ ಕ್ಲಬ್‌ಗಳ ಲೆಕ್ಕಪತ್ರ ಹೊರಬರುವುದು ಸೀಸನ್ ಮುಗಿದ ಮೇಲೆ. ಹಾಗಾಗಿ ಆಗಸ್ಟ್‌ನಲ್ಲಿ ಆ ಅಂಕಿ ಯಾರ ಕೈಯಲ್ಲೂ ಇರಲಿಲ್ಲ. ಕಾಲಂ ಹೋಯಿತು.

ಈಗಿನ ವಿಭಜನೆ ಹೀಗಿದೆ. 2005-06ರಿಂದ 2013-14ರವರೆಗೆ ಟ್ರೈನಿಂಗ್, 2014-15 ವ್ಯಾಲಿಡೇಶನ್, 2015-16 ಟೆಸ್ಟ್. ಆಮೇಲೆ ಇಡೀ ಕಿಟಕಿಯನ್ನು ಒಂದು ಸೀಸನ್ ಮುಂದಕ್ಕೆ ಸರಿಸಿ ಮತ್ತೆ ಓಡಿಸುವುದು. ಟೆಸ್ಟ್ ಒಂದನ್ನೇ ಕಾಲದ ಪ್ರಕಾರ ಕತ್ತರಿಸಿ, ವ್ಯಾಲಿಡೇಶನ್ ಅನ್ನು ಟ್ರೈನಿಂಗ್‌ನಿಂದ ಕಲಸಿ ತೆಗೆಯುವ ಪದ್ಧತಿ ಬಹಳ ಕಡೆ ಕಾಣುತ್ತದೆ. ಅದರಲ್ಲೂ ತೊಂದರೆ ಇದೆ. ಅರ್ಲಿ ಸ್ಟಾಪಿಂಗ್ ಎಷ್ಟು ಮರ ಬೇಕೆಂದು ತೀರ್ಮಾನಿಸುವುದು ವ್ಯಾಲಿಡೇಶನ್ ನೋಡಿ. ಅದು ಕಲಸಿದ್ದಾದರೆ, ತಂಡ-ಸೀಸನ್ ಬಾಯಿಪಾಠ ಮಾಡಿದಷ್ಟೂ ವ್ಯಾಲಿಡೇಶನ್ ಅಂಕ ಸುಧಾರಿಸುತ್ತದೆ. ಮಾಡೆಲ್ ನಿಲ್ಲಬೇಕಾದ ಕಡೆ ನಿಲ್ಲದೆ ಮರದ ಮೇಲೆ ಮರ ಬೆಳೆಸುತ್ತಾ ಹೋಗುತ್ತದೆ. ಮುಂದಿನ ಸೀಸನ್‌ನಲ್ಲಿ ಆ ಪಾಠ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಈ ಫೈಲ್‌ಗಳಲ್ಲಿ ದಿನಾಂಕ ದಿನ/ತಿಂಗಳು/ವರ್ಷ ಕ್ರಮದಲ್ಲಿದೆ. `dayfirst=True` ಕೊಡದಿದ್ದರೆ 08/05 ಆಗಸ್ಟ್ 5 ಆಗಿಬಿಡಬಹುದು. ಆಗ ಸೀಸನ್ ಕೊನೆಯ ಪಂದ್ಯ ಎಲ್ಲೋ ಹೋಗಿ ಕೂರುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಕತ್ತರಿಸಿದರೂ ವ್ಯರ್ಥ.

ವಿಭಜನೆ ಸರಿಯಾದರೂ ಫೀಚರ್ ಒಳಗೇ ಸೋರಿಕೆ ಇರಬಹುದು. ಕಳೆದ ಐದು ಪಂದ್ಯಗಳಲ್ಲಿ ಗುರಿಯತ್ತ ಹೋದ ಹೊಡೆತಗಳ ಸರಾಸರಿಯನ್ನೇ ತೆಗೆದುಕೊಳ್ಳಿ. ಒಂದು ತಂಡದ ಅಂಕಿ 3, 5, 2, 6, 4 ಇದೆ, ಇವತ್ತಿನ ಪಂದ್ಯದಲ್ಲಿ 11 ಆಗುತ್ತದೆ. ಪಂದ್ಯಕ್ಕೆ ಮುಂಚೆ ನಮಗೆ ಗೊತ್ತಿರುವ ಸರಾಸರಿ 4.0. ಅಂಕಿಗಳನ್ನು ಒಂದು ಪಂದ್ಯ ಸರಿಸುವ `shift(1)` ಬಿಟ್ಟುಹೋದರೆ ಕಿಟಕಿಯೊಳಗೆ ಇವತ್ತಿನ 11 ಸೇರಿ ಸರಾಸರಿ 5.6 ಆಗುತ್ತದೆ. ನೋಡಲು ಎರಡೂ ಮಾಮೂಲಿ ಸಂಖ್ಯೆಗಳೇ. ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಒಂದು ಪರೀಕ್ಷೆ ಬರೆದೆ. ಒಂದು ದಿನಾಂಕ `T` ಆರಿಸಿ, ಆ ದಿನದ್ದೂ ಮುಂದಿನದ್ದೂ ಎಲ್ಲ ಫಲಿತಾಂಶಗಳನ್ನು ಅಳಿಸಿ, ಫೀಚರ್‌ಗಳನ್ನು ಮತ್ತೆ ಲೆಕ್ಕ ಹಾಕುವುದು. `T` ದಿನದವರೆಗಿನ ಫೀಚರ್‌ಗಳು ಒಂದು ಚೂರೂ ಬದಲಾಗಬಾರದು.

```python
masked = df.copy()
masked.loc[masked.date >= T, RESULT] = np.nan
a, b = build(df), build(masked)
m = a.date <= T
pd.testing.assert_frame_equal(a.loc[m, FEATS], b.loc[m, FEATS])
```

`RESULT`ನಲ್ಲಿ ಗೋಲು, ಹೊಡೆತ, ಕಾರ್ನರ್, ಕಾರ್ಡು ಎಲ್ಲವೂ ಇರಬೇಕು. ಇಡೀ ಸೀಸನ್‌ನ ಸರಾಸರಿ ತೆಗೆದುಕೊಂಡ ಫೀಚರ್ ಇದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ.

ಈ ಪರೀಕ್ಷೆಗೆ ಸಿಗದ ಸೋರಿಕೆ ಆಡ್ಸ್‌ನದು, ಅಂದರೆ ಬಾಜಿಯ ಬೆಲೆಯದು. ಆ ಫೈಲ್‌ಗಳಲ್ಲಿ `B365H` ಎಂಬುದು ವಾರಾಂತ್ಯದ ಪಂದ್ಯಗಳಿಗೆ ಶುಕ್ರವಾರ ಮಧ್ಯಾಹ್ನ ಎತ್ತಿಕೊಂಡ ಬೆಲೆ. `PSCH` ಎಂಬುದು ಪಂದ್ಯ ಶುರುವಾಗುವ ಹೊತ್ತಿನ ಕೊನೆಯ ಬೆಲೆ. ಎರಡೂ ಪಂದ್ಯಕ್ಕೆ ಮುಂಚಿನವೇ. ಆದ್ದರಿಂದ ಎರಡನ್ನೂ ಫೀಚರ್ ಆಗಿ ಕೊಟ್ಟರೆ ತಪ್ಪೇನು ಅನ್ನಿಸುತ್ತದೆ. ಆದರೆ ಬಾಜಿಯ ಲೆಕ್ಕ ಶುಕ್ರವಾರದ ಬೆಲೆಯಲ್ಲಿ ಹಾಕುತ್ತಿದ್ದರೆ, ಅದು ಶನಿವಾರದ ಸುದ್ದಿ ಓದಿ ಶುಕ್ರವಾರ ಕೊಂಡ ಹಾಗೆ. ಶುಕ್ರವಾರ 2.40 ಇದ್ದ ಬೆಲೆ ಕೊನೆಗೆ 2.10ಕ್ಕೆ ಇಳಿಯಿತು ಅನ್ನಿ. ಎದುರು ತಂಡದ ಗೋಲ್‌ಕೀಪರ್‌ಗೆ ಗಾಯ ಆಗಿರಬಹುದು. 2.10 ಅಂದರೆ ಸುಮಾರು ಶೇಕಡಾ 47.6. ಅದರಲ್ಲಿ ಬುಕ್‌ಮೇಕರ್ ಕಮಿಷನ್ ಕಳೆದು 46.5 ಅಂದುಕೊಳ್ಳೋಣ. 0.465 × 2.40 = 1.116. ಮಾಡೆಲ್ ಏನೂ ಕಲಿಯದೆ ನೂರಕ್ಕೆ 11 ರೂಪಾಯಿಯಷ್ಟು ಲಾಭ ತೋರಿಸುತ್ತದೆ.

ಈಗ ನನ್ನ ನಿಯಮ ಒಂದೇ. ಬಾಜಿ ಯಾವ ಗಳಿಗೆಯ ಬೆಲೆಯಲ್ಲೋ, ಪ್ರತಿ ಫೀಚರೂ ಆ ಗಳಿಗೆಗೆ ಮುಂಚೆ ಸಿಗುವಂತಿರಬೇಕು. `PSCH` ಈಗ ಫೀಚರ್ ಪಟ್ಟಿಯಲ್ಲಿಲ್ಲ. ಅಳತೆಗೋಲಾಗಿ ಮಾತ್ರ ಉಳಿದಿದೆ: ನನ್ನ ಮಾಡೆಲ್‌ನ ಲಾಗ್ ಲಾಸ್ ಅನ್ನು, ಅಂದರೆ ಹೇಳಿದ ಸಂಭವನೀಯತೆ ಎಷ್ಟು ತಪ್ಪಿತು ಎಂಬ ಅಳತೆಯನ್ನು, ಕಮಿಷನ್ ತೆಗೆದ ಕೊನೆಯ ಬೆಲೆಯ ಲಾಗ್ ಲಾಸ್ ಜೊತೆ ಇಟ್ಟು ನೋಡುತ್ತೇನೆ. ಪ್ರೀಮಿಯರ್ ಲೀಗ್‌ನಂಥ ದೊಡ್ಡ ಮಾರುಕಟ್ಟೆಯಲ್ಲಿ ಕೊನೆಯ ಬೆಲೆಯನ್ನು ಹವ್ಯಾಸಿ ಮಾಡೆಲ್ ದೊಡ್ಡ ಅಂತರದಲ್ಲಿ ಸೋಲಿಸಿತು ಅಂದರೆ ನಾನು ಮೊದಲು ಹುಡುಕುವುದು ಸೋರಿಕೆಯನ್ನೇ. ಸದ್ಯಕ್ಕೆ ನನ್ನದು ಸೋಲಿಸುತ್ತಿಲ್ಲ, ಹಿಂದೆಯೇ ಇದೆ.

ಮುಂದಿನ ಓಟ 2016-17. ಅದರಲ್ಲಿ ಲೆಸ್ಟರ್ ಚಾಂಪಿಯನ್ ಪಟ್ಟದೊಂದಿಗೆ ಇಳಿದು, 12 ಪಂದ್ಯ ಮಾತ್ರ ಗೆದ್ದು, 12ನೇ ಸ್ಥಾನದಲ್ಲಿ ಮುಗಿಸಿತು. ಕಾಲದ ಪ್ರಕಾರ ಕತ್ತರಿಸಿದ ಮಾಡೆಲ್ ಆಗಸ್ಟ್‌ನಲ್ಲಿ ಲೆಸ್ಟರ್ ಮೇಲೆ ಜಾಸ್ತಿ ನಂಬಿಕೆ ಇಟ್ಟು ಒಂದಷ್ಟು ಬಾಜಿ ಕಳೆದುಕೊಳ್ಳಬೇಕು. ಕಳೆದುಕೊಳ್ಳದಿದ್ದರೆ ಮತ್ತೆ ಫೀಚರ್ ಪಟ್ಟಿ ತೆರೆಯುತ್ತೇನೆ.